ಪಹಣಿಯ 1-20 ಎಂದರೆ ಎಷ್ಟು ಚದರ ಅಡಿ?

ಚಿ. ಕಾವ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಪಹಣಿ ಫೋಟೋ, ಜೊತೆಗೆ ನಿನ್ನ ಲೆಕ್ಕ, ಎರಡೂ ನೋಡಿದೆ. ಜಮೀನು ಚೆನ್ನಾಗಿದೆ. ಆದರೆ 52,272 ಚದರ ಅಡಿ ಅಂತ ಬರೆದಿದ್ದೀಯಲ್ಲ, ಅದು ತಪ್ಪು. ಮುಂಗಡ ಕೊಡೋ ಮೊದಲೇ ಹೇಳಿಬಿಡೋಣ ಅಂತ ಈ ಕಾಗದ.

ಪಹಣಿಯಲ್ಲಿ 1-20-00 ಅಂತಿದೆ. ನೀನು ಅದನ್ನು 1.20 ಎಕರೆ ಮಾಡಿಕೊಂಡು 43,560ರಿಂದ ಗುಣಿಸಿದ್ದೀಯ. ಅಲ್ಲಿರೋದು ದಶಮಾಂಶ ಅಲ್ಲಮ್ಮ. ಮೊದಲನೆಯದು ಎಕರೆ, ಎರಡನೆಯದು ಗುಂಟೆ, ಮೂರನೆಯದು ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹಾಗಾಗಿ 1-20 ಅಂದರೆ ಒಂದೂವರೆ ಎಕರೆ. ಕೆಲವರು ಕೈಬರಹದಲ್ಲಿ 1.20 ಅಂತ ಚುಕ್ಕೆ ಇಟ್ಟು ಬರೀತಾರೆ, ಆಗಲೂ ಅರ್ಥ ಇದೇ.

ಎಕರೆಯಿಂದ ನೇರ ಚದರ ಅಡಿಗೆ ಹಾರಬೇಡ. ಮೊದಲು ಎಲ್ಲವನ್ನೂ ಗುಂಟೆ ಮಾಡಿಕೋ. ಒಂದು ಎಕರೆಯ 40, ಮೇಲಿನ 20, ಒಟ್ಟು 60 ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. 60ನ್ನು 1,089ರಿಂದ ಗುಣಿಸಿದರೆ 65,340. ನಿನ್ನ ಲೆಕ್ಕಕ್ಕೂ ಇದಕ್ಕೂ 13,068 ಚದರ ಅಡಿ ವ್ಯತ್ಯಾಸ. ಅದು ಸರಿಯಾಗಿ 12 ಗುಂಟೆ! ಚದರ ಅಡಿಗೆ ಇಷ್ಟು ಅಂತ ದರ ಮಾತಾಡಿದ್ದರೆ ಎಷ್ಟು ಎಡವಟ್ಟಾಗುತ್ತಿತ್ತು ನೋಡು.

ಈ 33 ಅಡಿಯನ್ನು ಮನಸ್ಸಲ್ಲಿಟ್ಟುಕೋ. ಹೊಲದ ಉದ್ದ 330 ಅಡಿ, ಅಗಲ 198 ಅಡಿ ಇದ್ದರೆ ಅದು 10 ಮೂವತ್ಮೂರು, 6 ಮೂವತ್ಮೂರು. ಹತ್ತಾರಲಿ ಅರವತ್ತು, ಬಂತಲ್ಲ 60 ಗುಂಟೆ. ಕ್ಯಾಲ್ಕುಲೇಟರೇ ಬೇಡ.

ಇದು ಕಾಗದದ ಲೆಕ್ಕ. ನೆಲದ ಮೇಲೆ ಅಷ್ಟಿದೆಯಾ ಅನ್ನೋದು ಬೇರೆ ಮಾತು. ನೀನು, ನಿನ್ನ ತಮ್ಮ ಹೋಗಿ ಟೇಪು ಹಿಡಿದು ನಾಲ್ಕೂ ಬದಿ ಅಳೆಯಿರಿ. ಬೇಲಿ ನೋಡಿ ಅಳೆಯಬೇಡಿ, ಬಾಂದು ಕಲ್ಲಿಂದ ಬಾಂದು ಕಲ್ಲಿಗೆ ಅಳೆಯಿರಿ. ಟೇಪು ಜೋಲಬಾರದು. ಇಳಿಜಾರಿದ್ದರೆ ನೆಲಕ್ಕೆ ತಾಗಿಸದೆ ಮಟ್ಟವಾಗಿ ಹಿಡಿದು, ತುಂಡು ತುಂಡಾಗಿ ಅಳೆಯಬೇಕು. ಇಲ್ಲದಿದ್ದರೆ ಅಳತೆ ಜಾಸ್ತಿ ಬರುತ್ತೆ.

ಉದ್ದ ಎರಡೂ ಕಡೆ 326 ಅಡಿ, ಅಗಲ ಎರಡೂ ಕಡೆ 196 ಅಡಿ ಬಂತು ಅಂತಿಟ್ಟುಕೋ. ಗುಣಿಸಿದರೆ 63,896 ಚದರ ಅಡಿ. 1,089ರಿಂದ ಭಾಗಿಸಿದರೆ 58 ಗುಂಟೆ, ಮೇಲೆ 734 ಚದರ ಅಡಿ ಉಳಿಯುತ್ತೆ. ಆಣೆಗೆ ಸುಮಾರು 68 ಚದರ ಅಡಿ, ಹಾಗಾಗಿ ಅದು ಹತ್ತಿರ ಹತ್ತಿರ 11 ಆಣೆ. ಉದ್ದದಲ್ಲಿ 4 ಅಡಿ, ಅಗಲದಲ್ಲಿ 2 ಅಡಿ ಕಮ್ಮಿ ಅಷ್ಟೇ ಅಲ್ವಾ ಅನ್ಸುತ್ತೆ. ಆದರೆ ಹೋಗಿದ್ದು 1,444 ಚದರ ಅಡಿ. ಊರಲ್ಲಿ ಒಂದು ಮೂವತ್ತು ನಲವತ್ತು ಸೈಟಿಗಿಂತ ದೊಡ್ಡದು.

ಎದುರುಬದುರು ಬದಿ ಸಮ ಬಂದರೂ ಹೊಲ ನೇರ ಆಯತ ಅಂತ ನಂಬಬೇಡ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆ. ಈ ಅಳತೆಗೆ ಎರಡೂ ಸುಮಾರು 380 ಅಡಿ ಬರಬೇಕು. ಒಂದು 360, ಇನ್ನೊಂದು ಸುಮಾರು 400 ಬಂದರೆ ಹೊಲ ಓರೆಯಾಗಿದೆ ಅಂತ. ಹಾಗಂತ ಗಾಬರಿ ಬೇಡ, ಅಷ್ಟು ಓರೆ ಇದ್ದರೂ ಕಳೆಯೋದು 450 ಚದರ ಅಡಿಯ ಆಸುಪಾಸು, ಅರ್ಧ ಗುಂಟೆಯೂ ಇಲ್ಲ. ಎದುರುಬದುರು ಬದಿಗಳೇ ಸಮ ಇಲ್ಲದಿದ್ದರೆ ಮಾತ್ರ ಉದ್ದ ಅಗಲ ಗುಣಿಸೋದು ಬಿಟ್ಟುಬಿಡು. ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಎಳೆದು ಎರಡು ತ್ರಿಕೋನ ಮಾಡಿಕೋ. ಉಳಿದ ಎರಡು ಮೂಲೆಗಳಿಂದ ಹಗ್ಗಕ್ಕೆ ಲಂಬ ಅಳೆ. ಎರಡೂ ಲಂಬ ಕೂಡಿಸಿ, ಹಗ್ಗದ ಉದ್ದದಿಂದ ಗುಣಿಸಿ, ಅರ್ಧ ಮಾಡು.

ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಇದೆಯಾ ಅಂತಲೂ ನೋಡು. ಅದರಲ್ಲೂ ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಅದಕ್ಕೆ ದುಡ್ಡು ಕೊಡುವಂತಿಲ್ಲ, ಗುಂಟೆ ಲೆಕ್ಕದಿಂದ ಮೊದಲೇ ಕಳೆದುಬಿಡು.

ಮಧ್ಯವರ್ತಿ ಸೆಂಟ್ಸಲ್ಲಿ ಮಾತಾಡಿದರೆ, ಎರಡೂವರೆ ಸೆಂಟ್ಸ್ ಒಂದು ಗುಂಟೆ. ನಿನ್ನ 60 ಗುಂಟೆ 150 ಸೆಂಟ್ಸ್ ಆಗುತ್ತೆ.

ನಿನ್ನ ಅಳತೆ ಕಮ್ಮಿ ಬಂದರೆ ಜಗಳ ಮಾಡಬೇಡ. ನಿಮ್ಮ ಅಳತೆಯಿಂದ ಅನುಮಾನ ಹುಟ್ಟಬಹುದೇ ಹೊರತು ಹದ್ದು ತೀರ್ಮಾನ ಆಗಲ್ಲ. ಮಾರುವವರಿಗೇ ಹದ್ದುಬಸ್ತಿಗೆ ಅರ್ಜಿ ಹಾಕಲು ಹೇಳು, ಸರ್ವೆಯವರು ಬಂದು ಅಳೆಯಲಿ. ಕರಾರಿನಲ್ಲಿ ಒಟ್ಟು ಮೊತ್ತ ಒಂದನ್ನೇ ಬರೆಸಬೇಡ. ಗುಂಟೆಗೆ ಇಷ್ಟು, ಸರ್ವೆಯಲ್ಲಿ ಎಷ್ಟು ಗುಂಟೆ ಬರುತ್ತೋ ಅಷ್ಟಕ್ಕೆ ಹಣ ಅಂತ ಬರೆಸು. ಭಾನುವಾರ ಅಳೆದು ನಾಲ್ಕು ಬದಿ, ಎರಡು ಮೂಲೆಯ ಅಳತೆ ಕಳಿಸು, ಲೆಕ್ಕ ನಾನೂ ಒಮ್ಮೆ ನೋಡ್ತೀನಿ.

ನಿನ್ನ ದೊಡ್ಡಪ್ಪ