ಮಗಳಿಗೊಂದು ಪತ್ರ: ದೊರೆಯೇ ಕಡಿದ ಕಟ್ಟು

ಪ್ರೀತಿಯ ಪುಟ್ಟಿ,

ನಿನ್ನ ಪ್ರಬಂಧದ ಕರಡು ಮೊನ್ನೆ ಕೈಸೇರಿತು. ಎರಡು ಸಲ ಓದಿದೆ. ಹದಿನಾಲ್ಕನೆಯ ಶತಮಾನದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನನ ಕುರಿತ ಪುಟದಲ್ಲಿ ಒಂದು ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. "ಮರುಭೂಮಿ, ಬೆಟ್ಟಗಳಿಂದ ಬಂದವರು ರಾಜ್ಯ ಗೆಲ್ಲುತ್ತಾರೆ, ನಗರದ ಸುಖದಲ್ಲಿ ಮೆತ್ತಗಾಗುತ್ತಾರೆ, ಮೂರನೆಯ ತಲೆಮಾರಿಗೆ ರಾಜ್ಯ ಕಳೆದುಕೊಳ್ಳುತ್ತಾರೆ" ಎಂದು ಬರೆದಿದ್ದೀಯಲ್ಲ, ಅದು. ನಾನೂ ಕಾಲೇಜಿನಲ್ಲಿ ಬಹಳ ವರ್ಷ ಹೀಗೆಯೇ ಪಾಠ ಹೇಳಿದ್ದೆ. ವಾಕ್ಯ ಸುಳ್ಳಲ್ಲ. ಆದರೆ ನಡುವಿನ ಒಂದು ಮೆಟ್ಟಿಲು ಅದರಲ್ಲಿ ಇಲ್ಲ, ಮತ್ತು ಆ ಸಿದ್ಧಾಂತದ ಜೀವ ಇರುವುದು ಆ ಮೆಟ್ಟಿಲಿನಲ್ಲಿಯೇ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ಮೊದಲು ಅವನ ಸಿದ್ಧಾಂತದ ತಿರುಳಾದ ಪದವನ್ನೇ ನೋಡು. ಅಸಬಿಯ್ಯ. ಅರಬ್ಬಿಯಲ್ಲಿ ಅದರ ಧಾತುವಿಗೆ ಕಟ್ಟು, ಬಿಗಿ, ಸುತ್ತು ಎಂಬ ಅರ್ಥ. ತಲೆಗೆ ಸುತ್ತುವ ಪಟ್ಟಿಗೂ, ತಂದೆಯ ಕಡೆಯ ದಾಯಾದಿಗಳಿಗೂ ಅದೇ ಬೇರಿನಿಂದ ಹೆಸರು ಬಂದಿದೆ. ನೀನು "ಸಾಮುದಾಯಿಕ ಐಕ್ಯಪ್ರಜ್ಞೆ" ಎಂದು ಅನುವಾದಿಸಿದ್ದೀಯೆ. ನಮ್ಮಲ್ಲಿ ಒಗ್ಗಟ್ಟು ಎಂಬ ಮಾತಿರುವಾಗ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಒಗ್ಗಟ್ಟಿನೊಳಗೆ ಕಟ್ಟು ಇದೆ, ಅಸಬಿಯ್ಯದೊಳಗೂ ಕಟ್ಟು ಇದೆ. ನನ್ನವನಿಗೆ ಪೆಟ್ಟು ಬಿದ್ದರೆ ಸಂಬಳ ಕೇಳದೆ, ಕಾರಣ ಕೇಳದೆ ನಾನು ಎದ್ದು ನಿಲ್ಲುತ್ತೇನೆ ಎಂಬ ಬಿಗಿತ ಅದು. ರಕ್ತಸಂಬಂಧದಿಂದ ಅದು ಸುಲಭವಾಗಿ ಹುಟ್ಟುತ್ತದೆ, ನಿಜ. ಆದರೆ ವಂಶಾವಳಿ ಎಂಬುದು ಕಲ್ಪನೆಯ ವಸ್ತು, ಅದರಿಂದ ಬೆಳೆಯುವ ಒಡನಾಟದಲ್ಲಷ್ಟೇ ಅದರ ಪ್ರಯೋಜನ ಎಂದು ಇಬ್ನ್ ಖಲ್ದೂನನೇ ಹೇಳುತ್ತಾನೆ. ಈ ಮಾತನ್ನು ನೆನಪಿನಲ್ಲಿಡು, ಕೊನೆಯಲ್ಲಿ ಬೇಕಾಗುತ್ತದೆ.

ಆತ ಇದನ್ನು ಗ್ರಂಥಾಲಯದಲ್ಲಿ ಕುಳಿತು ಕಂಡುಕೊಂಡವನಲ್ಲ. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ, ಹದಿಹರೆಯದಲ್ಲಿ ಪ್ಲೇಗಿಗೆ ತಂದೆತಾಯಿಯನ್ನು ಕಳೆದುಕೊಂಡ. ಆಮೇಲೆ ಫೆಜ್, ಗ್ರನಾಡಾ, ಬಿಜಾಯ ಎಂದು ಒಂದು ಆಸ್ಥಾನದಿಂದ ಇನ್ನೊಂದಕ್ಕೆ ಅಲೆದ, ನಡುವೆ ಎರಡು ವರ್ಷದಷ್ಟು ಸೆರೆಮನೆಯನ್ನೂ ಕಂಡ. ಬಿಜಾಯದಲ್ಲಿದ್ದಾಗ ಬೆಟ್ಟದ ಬರ್ಬರ್ ಕುಲಗಳಿಂದ ಕಂದಾಯ ಎತ್ತಲು ತಾನೇ ಹೋಗಿದ್ದ. ದೊರೆಗಳಿಗಾಗಿ ಕುಲಗಳನ್ನು ಒಲಿಸಿ ಸೇನೆ ಕೂಡಿಸುವ ಕೆಲಸವೂ ಅವನದಾಗಿತ್ತು. ಯಾವ ಗುಂಪು ಕರೆದರೆ ಬರುತ್ತದೆ, ಯಾವುದು ದುಡ್ಡು ಕೊಟ್ಟರಷ್ಟೇ ಬರುತ್ತದೆ ಎಂಬುದು ಅವನಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. ನಲವತ್ತು ದಾಟಿದ ಮೇಲೆ ಈಗಿನ ಅಲ್ಜೀರಿಯದ ಇಬ್ನ್ ಸಲಾಮಾ ಕೋಟೆಯಲ್ಲಿ ಸುಮಾರು ನಾಲ್ಕು ವರ್ಷ ನೆಲೆನಿಂತು, 1377ರಲ್ಲಿ ಐದೇ ತಿಂಗಳಲ್ಲಿ ತನ್ನ ಇತಿಹಾಸ ಗ್ರಂಥದ ಪೀಠಿಕೆಯಾದ ಮುಖದ್ದಿಮಾದ ಮೊದಲ ಕರಡು ಮುಗಿಸಿದ.

ಈಗ ಬಿಟ್ಟುಹೋದ ಮೆಟ್ಟಿಲಿಗೆ ಬರುತ್ತೇನೆ. ನಿನ್ನ ಪ್ರಬಂಧದಲ್ಲಿ ಉದಾಹರಣೆಯಾಗಿ ಬಾಗ್ದಾದಿನ ಖಲೀಫರಾದ ಅಬ್ಬಾಸಿಯರು ಬಂದಿದ್ದಾರೆ. ನಾನಾದರೆ ಇಬ್ನ್ ಖಲ್ದೂನನ ಕಣ್ಣಿಗೆ ಹತ್ತಿರವಿದ್ದ, ಉತ್ತರ ಆಫ್ರಿಕ ಮತ್ತು ಸ್ಪೇನಿನಲ್ಲಿ ಆಳಿದ ಮುವಹ್ಹಿದರನ್ನು ತೆಗೆದುಕೊಳ್ಳುತ್ತೇನೆ. ಯುರೋಪಿನವರು ಅಲ್ಮೊಹಾದ್ ಎನ್ನುವುದು ಇವರನ್ನೇ. ಇವರ ಕಥೆಯಲ್ಲಿ ಕಟ್ಟು ಹೇಗೆ ಬಿಗಿಯಿತು, ಯಾರ ಕೈಯಿಂದ ಸಡಿಲವಾಯಿತು ಎಂಬುದು ಹೆಜ್ಜೆಹೆಜ್ಜೆಯಾಗಿ ಕಾಣುತ್ತದೆ.

ಮೊರಾಕ್ಕೋದ ಎತ್ತರದ ಅಟ್ಲಾಸ್ ಬೆಟ್ಟಗಳಲ್ಲಿ ಮಸ್ಮೂದಾ ಎಂಬ ಬರ್ಬರ್ ಕುಲಗಳಿದ್ದವು. ಅವುಗಳೊಳಗೇ ಜಗಳ. ಅವರಲ್ಲೇ ಹುಟ್ಟಿ, ಪೂರ್ವದೇಶಗಳಲ್ಲಿ ಓದಿ ಮರಳಿದ ಇಬ್ನ್ ತೂಮರ್ತ್ 1121ರ ಸುಮಾರಿಗೆ ತನ್ನನ್ನು ಮಹ್ದಿ, ಅಂದರೆ ಕೊನೆಗಾಲದಲ್ಲಿ ದೇವರು ಕಳಿಸುವ ಮಾರ್ಗದರ್ಶಿ, ಎಂದು ಸಾರಿಕೊಂಡ. ತಿನ್ಮಲ್ ಎಂಬ ಕಣಿವೆಯ ಊರನ್ನು ನೆಲೆಮಾಡಿಕೊಂಡ. ಅವನು ಬೋಧನೆಯೊಂದನ್ನೇ ಮಾಡಲಿಲ್ಲ. ಹತ್ತು ಜನರ ಒಂದು ಮಂಡಲಿ, ಅದರ ಕೆಳಗೆ ಕುಲಗಳ ಪರವಾಗಿ ಐವತ್ತು ಜನರ ಇನ್ನೊಂದು ಮಂಡಲಿ, ಹೀಗೆ ಕುಲಗಳನ್ನು ಒಂದರ ಪಕ್ಕ ಒಂದು ಕೂರಿಸಿ ಹೆಣೆದ. ಧರ್ಮದ ಕರೆ ಕುಲಗಳ ನಡುವಿನ ಹೊಟ್ಟೆಕಿಚ್ಚನ್ನು ಅಳಿಸಿ ಇರುವ ಕಟ್ಟನ್ನು ಇಮ್ಮಡಿಗೊಳಿಸುತ್ತದೆ, ಆದರೆ ಬೆನ್ನಿಗೆ ಕುಲವೇ ಇಲ್ಲದ ಧರ್ಮದ ಕರೆ ಗಾಳಿಗೆ ಹೋಗುತ್ತದೆ ಎಂದು ಇಬ್ನ್ ಖಲ್ದೂನ್ ಬರೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು.

ಆ ಕಟ್ಟು ಎಷ್ಟು ಬಿಗಿಯಾಗಿತ್ತು ಎಂಬುದನ್ನು ಅವರ ಗೆಲುವಿಗಿಂತ ಸೋಲಿನಲ್ಲಿ ನೋಡು. 1130ರಲ್ಲಿ ಅವರು ಬೆಟ್ಟ ಇಳಿದು ಮರ್ರಾಕೇಶ್ ನಗರದ ಮೇಲೆ ಏರಿಹೋದರು. ಆಗ ಮೊರಾಕ್ಕೋವನ್ನು ಆಳುತ್ತಿದ್ದ ಮುರಾಬಿತರ ಸೇನೆ ಅವರನ್ನು ನುಚ್ಚುನೂರು ಮಾಡಿತು. ಅದೇ ವರ್ಷ ಇಬ್ನ್ ತೂಮರ್ತ್ ತೀರಿಕೊಂಡ. ನಾಯಕ ಸತ್ತ, ಸೇನೆ ಚೂರಾಯಿತು, ಸಂಬಳ ಕೊಡುವ ಬೊಕ್ಕಸ ಇಲ್ಲ. ಕೂಲಿಯ ದಂಡಾಗಿದ್ದರೆ ಅಂದೇ ಚದುರಿಹೋಗುತ್ತಿತ್ತು. ಇವರು ಸಾವಿನ ಸುದ್ದಿಯನ್ನೇ ಎರಡು ಮೂರು ವರ್ಷ ಹೊರಗೆ ಬಿಡದೆ, ಶಿಷ್ಯನಾದ ಅಬ್ದುಲ್ ಮೂಮಿನ್‌ನ ಹಿಂದೆ ಮತ್ತೆ ಕೂಡಿ, ಬೆಟ್ಟದ ಸಾಲು ಹಿಡಿದು ವರ್ಷಗಟ್ಟಲೆ ಹೋರಾಡಿ 1147ರಲ್ಲಿ ಮರ್ರಾಕೇಶ್ ಹಿಡಿದರು. ಎದುರಾಳಿ ಮುರಾಬಿತರೂ ಒಂದು ಕಾಲಕ್ಕೆ ಮರುಭೂಮಿಯ ಕುಲದವರೇ. ಆ ಹೊತ್ತಿಗಾಗಲೇ ಅವರು ಕೂಲಿಗೆ ತಂದ ಕ್ರೈಸ್ತ ಸೈನಿಕರನ್ನು ಮುಂದಿಟ್ಟು ಯುದ್ಧ ಮಾಡುತ್ತಿದ್ದರು. ಆ ದಂಡಿನ ನಾಯಕ ರೆವೆರ್ಟರ್ ಎಂಬ ಬಾರ್ಸಿಲೋನಾದವನು.

ಇನ್ನು ಸಡಿಲಿಕೆ. ಅದು ಸುಖದಿಂದ ಶುರುವಾಗಲಿಲ್ಲ ಪುಟ್ಟಿ, ಗೆದ್ದ ಮೊದಲ ತಲೆಮಾರಿನಲ್ಲೇ, ಅರಮನೆಯ ಒಳಗಿನಿಂದ ಶುರುವಾಯಿತು. ಅಬ್ದುಲ್ ಮೂಮಿನ್ ಗೆದ್ದದ್ದು ಮಸ್ಮೂದಾ ಶೇಖರ, ಅಂದರೆ ಕುಲದ ಮುಖ್ಯಸ್ಥರ, ಬಲದಿಂದ. ಅವನೋ ಬೇರೆ ಕುಲದವನು. ಆ ಶೇಖರ ಕಣ್ಣಿಗೆ ಅವನು ಸಮಾನರಲ್ಲಿ ಮೊದಲಿಗ, ಅಷ್ಟೆ. 1150ರ ದಶಕದಲ್ಲಿ ಅವನು ತನ್ನ ಮಗನನ್ನೇ ಉತ್ತರಾಧಿಕಾರಿ ಎಂದು ಘೋಷಿಸಿದ, ಪ್ರಾಂತ್ಯಗಳ ಮೇಲೆ ತನ್ನ ಮಕ್ಕಳನ್ನೇ ಕೂರಿಸಿದ. ಬಂಡೆದ್ದ ಇಬ್ನ್ ತೂಮರ್ತನ ತಮ್ಮಂದಿರು ಪ್ರಾಣ ಕಳೆದುಕೊಂಡರು. ಅಧಿಕಾರ ಹಂಚಿಕೊಳ್ಳಲು ಒಪ್ಪದ ಅರಸ ತನ್ನನ್ನು ಏರಿಸಿದವರ ಮೂಗು ಕೊಯ್ಯುತ್ತಾನೆ ಎಂದು ಇಬ್ನ್ ಖಲ್ದೂನ್ ಹೇಳುವುದು ಇದನ್ನೇ. ಒಗ್ಗಟ್ಟು ರಾಜ್ಯವನ್ನು ಕೊಡುತ್ತದೆ, ರಾಜ್ಯಕ್ಕೆ ಒಬ್ಬನೇ ಒಡೆಯ ಬೇಕು, ಆ ಒಬ್ಬನಿಗೆ ಅತ್ಯಂತ ದೊಡ್ಡ ಅಪಾಯ ತನ್ನನ್ನು ಏರಿಸಿದವರೇ. ಅವರನ್ನು ತಗ್ಗಿಸದೆ ಅವನಿಗೆ ನಿದ್ದೆ ಬರುವುದಿಲ್ಲ. ತಗ್ಗಿಸಿದರೆ ಕಾಯುವವರಿಲ್ಲ. ಇದು ದೊರೆಯ ಕೆಟ್ಟತನವಲ್ಲ, ಗೆಲುವಿನೊಳಗೇ ಇರುವ ಗಂಟು.

ತಗ್ಗಿದ ಬಳಗದ ಜಾಗಕ್ಕೆ ಸಂಬಳದ ಆಳುಗಳು ಬರುತ್ತಾರೆ. ತೆರಿಗೆಯ ಮಾತು ಸೇರುವುದು ಇಲ್ಲಿ. ನೀನು ಅದನ್ನು ಬೇರೆ ಅಧ್ಯಾಯವಾಗಿ ಕತ್ತರಿಸಿ ಇಟ್ಟಿದ್ದೀಯೆ, ದಯವಿಟ್ಟು ಜೋಡಿಸು. ತನ್ನವರು ಲೂಟಿಯ ಪಾಲಿಗೂ ಮಾನಕ್ಕೂ ಕಾದಾಡುತ್ತಾರೆ, ಕೂಲಿಯವನಿಗೆ ತಿಂಗಳು ತಿಂಗಳು ಹಣ ಎಣಿಸಬೇಕು. ಅದಕ್ಕಾಗಿ ದರ ಏರುತ್ತದೆ, ಸಂತೆಯ ಮೇಲೆ, ಊರಬಾಗಿಲಿನ ಮೇಲೆ ಹೊಸ ಸುಂಕ ಬೀಳುತ್ತದೆ. ಉತ್ತರೂ ಏನೂ ಉಳಿಯುವುದಿಲ್ಲ ಎಂದು ರೈತ ನೆಲ ಬೀಳುಬಿಡುತ್ತಾನೆ. ರಾಜ್ಯದ ಆರಂಭದಲ್ಲಿ ಕಡಿಮೆ ದರ, ಹೆಚ್ಚು ಹುಟ್ಟುವಳಿ. ಕೊನೆಯಲ್ಲಿ ಹೆಚ್ಚು ದರ, ಕಡಿಮೆ ಹುಟ್ಟುವಳಿ. ವಿಲಾಸ ಈ ಸುರುಳಿಯನ್ನು ವೇಗಗೊಳಿಸುತ್ತದೆ, ಆದರೆ ಸುರುಳಿಯ ಕೀಲು ಕಡಿದುಹೋದ ಕಟ್ಟು.

ಅಬ್ದುಲ್ ಮೂಮಿನ್‌ನ ಮರಿಮಗ ಮಾಮೂನ್, ಎಣಿಸಿದರೆ ನಾಲ್ಕನೆಯ ತಲೆಮಾರು. 1227ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ ಖಲೀಫನೆನಿಸಿಕೊಂಡ. ಮರ್ರಾಕೇಶದ ಶೇಖರು ಅವನ ಅಣ್ಣನ ಮಗನನ್ನು ಆರಿಸಿದರು. ಮಾಮೂನ್ ಕಾಸ್ಟೀಲ್‌ನ ಕ್ರೈಸ್ತ ಅರಸನಿಂದ ಕುದುರೆ ಸವಾರರನ್ನು ಪಡೆದು ಕಡಲು ದಾಟಿ ಬಂದು ತನ್ನ ರಾಜಧಾನಿಯನ್ನೇ ಗೆದ್ದ. ಗೆದ್ದವನು ಮಸೀದಿಯ ಪೀಠವೇರಿ, ಇಬ್ನ್ ತೂಮರ್ತ್ ಮಹ್ದಿಯಲ್ಲ ಎಂದು ಸಾರಿದ. ಶೇಖರನ್ನು ಕೊಲ್ಲಿಸಿದ. ತಾತ ಮುತ್ತಾತಂದಿರು ಬಳಗವನ್ನು ತಗ್ಗಿಸಿದ್ದರು. ಇವನು ಬಳಗವನ್ನೂ ಅದನ್ನು ಹೆಣೆದ ನಂಬಿಕೆಯನ್ನೂ ಒಂದೇ ಏಟಿಗೆ ಕಡಿದ. ಆ ಪುಟ ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೊದಲು ಹರಿದದ್ದು ಅಂಚು. ಹತ್ತು ಜನರ ಆ ಮೊದಲ ಮಂಡಲಿಯಲ್ಲಿದ್ದ ಅಬೂ ಹಫ್ಸ್‌ನ ಮೊಮ್ಮಗ ಟ್ಯೂನಿಸ್‌ನಲ್ಲಿ ಅಧಿಕಾರಿಯಾಗಿದ್ದ. ಮಹ್ದಿಯನ್ನು ನಿರಾಕರಿಸಿದವನಿಗೆ ವಿಧೇಯನಾಗಲಾರೆ ಎಂದು 1229ರಲ್ಲಿ ಬೇರೆಯಾದ. ಹಫ್ಸಿದ್ ವಂಶ ಹುಟ್ಟಿದ್ದು ಹಾಗೆ. ಇಬ್ನ್ ಖಲ್ದೂನನ ಪೂರ್ವಿಕರು ಸೇವೆ ಮಾಡಿದ್ದೂ ಅವನು ಹುಟ್ಟಿದ್ದೂ ಆ ವಂಶದ ನೆರಳಿನಲ್ಲಿ. ಅತ್ತ ಹೊಸ ಕುಲದ ಮರೀನಿದರು 1248ರಲ್ಲಿ ಫೆಜ್ ಹಿಡಿದರು, 1269ರಲ್ಲಿ ಮರ್ರಾಕೇಶ್.

1147ರಿಂದ 1269 ಅಂದರೆ 122 ವರ್ಷ. ನಲವತ್ತು ವರ್ಷದಂತೆ ಮೂರು ತಲೆಮಾರು, 120 ವರ್ಷ ಎಂಬ ಅವನ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ನೀನು ಹಿಗ್ಗಬೇಡ. ಮಗ್ರಿಬ್‌ನ, ಅಂದರೆ ಉತ್ತರ ಆಫ್ರಿಕದ ಪಶ್ಚಿಮ ಭಾಗದ, ಇಂಥ ರಾಜ್ಯಗಳನ್ನು ನೋಡಿಯೇ ಅವನು ಲೆಕ್ಕ ಕಟ್ಟಿದ್ದು. ಅಳತೆಗೆ ಹೊಲಿದ ಅಂಗಿ ಅದೇ ಮೈಗೆ ಸರಿಹೊಂದಿದರೆ ಅದು ಪುರಾವೆಯಾಗುವುದಿಲ್ಲ. ಒಟ್ಟೊಮನ್ನರು ಆರು ನೂರು ವರ್ಷ ಆಳಿದರು. ಈಜಿಪ್ಟಿನಂಥ, ಕುಲಗಳ ಬಲವಿಲ್ಲದ ನಾಡಿನಲ್ಲಿ ಬಲಿಷ್ಠ ಒಗ್ಗಟ್ಟಿಲ್ಲದೆಯೂ ರಾಜ್ಯ ನೆಲೆಯಾಗುತ್ತದೆ ಎಂದು ಅವನೇ ಒಪ್ಪಿದ್ದಾನೆ.

ನಿನ್ನ ಪ್ರಬಂಧ ಈ ಈಜಿಪ್ಟಿನ ಬಾಗಿಲಲ್ಲಿ ನಿಂತುಬಿಟ್ಟಿದೆ, ಒಳಗೆ ಹೋಗು. 1382ರಲ್ಲಿ ಅವನು ಅಲ್ಲಿಗೆ ಬಂದ, ಕೈರೋದಲ್ಲಿ ನ್ಯಾಯಾಧೀಶನಾದ, 1406ರಲ್ಲಿ ಅಲ್ಲಿಯೇ ತೀರಿಕೊಂಡ. ಅಲ್ಲಿ ಆಳುತ್ತಿದ್ದವರು ಮಮ್ಲೂಕರು. ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನಿಂದ, ಆಮೇಲೆ ಕಾಕಸಸ್ ಬೆಟ್ಟಗಳ ಸರ್ಕೇಸಿಯಾದಿಂದ ಗುಲಾಮರಾಗಿ ಕೊಂಡು ತಂದ ಹುಡುಗರು. ತಾಯಿ ತಂದೆಯಿಂದ ದೂರಾಗಿ ಒಂದೇ ಪಾಳೆಯದಲ್ಲಿ ಉಂಡು, ಮಲಗಿ, ಕುದುರೆ ಕಲಿತು ಬೆಳೆದವರು. ಒಬ್ಬ ಒಡೆಯನ ಕೈಕೆಳಗೆ ಬೆಳೆದವರಿಗೆ ತಮ್ಮೊಳಗೆ ಒಡಹುಟ್ಟಿದವರಂಥ ಕಟ್ಟು. ಅವರ ಮಕ್ಕಳು ನಗರದ ಮಕ್ಕಳು, ಸಾಮಾನ್ಯವಾಗಿ ಅವರಿಗೆ ತಂದೆಯ ಸ್ಥಾನ ಸಿಗುತ್ತಿರಲಿಲ್ಲ. ಪ್ರತಿ ತಲೆಮಾರಿಗೂ ಹೊಸ ಹುಡುಗರು ಬರುತ್ತಿದ್ದರು. ಈ ಏರ್ಪಾಟನ್ನು ಇಬ್ನ್ ಖಲ್ದೂನ್ ಕಂಡು ಮೆಚ್ಚಿ ಬರೆದ. ಮೂರನೆಯ ತಲೆಮಾರು ಬರದಂತೆಯೇ ತಡೆಯುವ ರಾಜ್ಯ! ಇದು ಅವನ ಸಿದ್ಧಾಂತವನ್ನು ಒಡೆಯುವುದಿಲ್ಲ ಎಂದು ನನ್ನ ಅಭಿಪ್ರಾಯ. ವಂಶಾವಳಿ ಕಲ್ಪನೆ, ಒಡನಾಟವೇ ನಿಜ ಎಂದವನು ಅವನೇ ತಾನೆ?

ನಿನ್ನ ವಾಕ್ಯವನ್ನು ಅಲ್ಲಿಂದ ಮರಳಿ ಬರೆ. ಹೊಸ ಕರಡನ್ನು ಹಬ್ಬಕ್ಕೆ ಬರುವಾಗ ತಾ, ಪಡಸಾಲೆಯಲ್ಲಿ ಕುಳಿತು ಇಬ್ಬರೂ ಓದೋಣ. ಚಳಿ ಶುರುವಾಗಿದೆಯಂತೆ, ಕಪಾಟಿನ ಕೆಳಗಿನ ಅರೆಯಲ್ಲಿದ್ದ ನಿನ್ನ ಶಾಲನ್ನು ನಾಳೆ ಅಂಚೆಗೆ ಹಾಕುತ್ತೇನೆ.

ನಿನ್ನ,
ಅಮ್ಮ