ಕಿಡ್ನಿ ಪಾಠ: ಟೆಸ್ಟಿನಲ್ಲಿ ಆದ ತಪ್ಪಿನ ಬಗ್ಗೆ

ಎಲ್ಲರ ಗಮನಕ್ಕೆ. ‘ಕಿಡ್ನಿ ರಕ್ತದಿಂದ ಕೊಳೆಯನ್ನು ಮಾತ್ರ ಹೆಕ್ಕಿ ತೆಗೆಯುತ್ತದೆ’ ಅಂತ ಬಹಳ ಜನ ಬರೆದಿದ್ದೀರಿ. ನಡೆಯುವುದು ಉಲ್ಟಾ. ಕಪಾಟಿನಲ್ಲಿ ಇರೋದನ್ನೆಲ್ಲ ಕೆಳಗೆ ಸುರಿದು, ಬೇಕಾದ್ದನ್ನು ವಾಪಸ್ ಜೋಡಿಸ್ತೀವಲ್ಲ, ಹಾಗೆ.

ಗ್ಲೊಮೆರುಲಸ್ ಅಂದರೆ ಸಣ್ಣ ರಕ್ತನಾಳಗಳ ಉಂಡೆ. ಅಲ್ಲಿ ರಕ್ತದೊತ್ತಡಕ್ಕೆ ನೀರು, ಉಪ್ಪು, ಗ್ಲೂಕೋಸ್, ಯೂರಿಯಾ ಎಲ್ಲವೂ ಸೋಸಿ ಹೊರಬೀಳುತ್ತವೆ. ರಕ್ತಕಣ, ದೊಡ್ಡ ಪ್ರೋಟೀನುಗಳು ಒಳಗೇ ಉಳಿಯುತ್ತವೆ. ಹೀಗೆ ಸೋಸಿದ್ದು ದಿನಕ್ಕೆ ಸುಮಾರು 180 ಲೀಟರ್. ಅದರಲ್ಲಿ ಉಪ್ಪೇ ಹತ್ತಿರ ಹತ್ತಿರ ಒಂದೂವರೆ ಕಿಲೋ! (ನಾನೂ ಲೆಕ್ಕ ಹಾಕಿ ನೋಡಿದ ಮೇಲೇ ನಂಬಿದ್ದು.) ಸೋಸಿದ್ದು ಮುಂದೆ ಹರಿದು ಹೋಗುವ ನಳಿಕೆಯ ಮೊದಲ ಭಾಗದಲ್ಲೇ ಸೋಡಿಯಂ, ನೀರು ಮೂರರಲ್ಲಿ ಎರಡು ಪಾಲು ರಕ್ತಕ್ಕೆ ಮರಳುತ್ತವೆ. ಕೊನೆಯ ಭಾಗದಲ್ಲಿ ಆಲ್ಡೋಸ್ಟಿರೋನ್ ಹಾರ್ಮೋನು ದೇಹದ ಅಗತ್ಯ ನೋಡಿ ಇನ್ನಷ್ಟು ಸೋಡಿಯಂ ಉಳಿಸುತ್ತದೆ. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಆಸುಪಾಸು.

ಗ್ಲೂಕೋಸ್ ಸಾಮಾನ್ಯವಾಗಿ ಪೂರ್ತಿ ವಾಪಸ್. ಆದರೆ ಅದನ್ನು ಹೊತ್ತೊಯ್ಯುವ ಪ್ರೋಟೀನುಗಳಿಗೆ ಮಿತಿಯಿದೆ. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ (ಡೆಸಿಲೀಟರಿಗೆ) ದಾಟಿದರೆ ಮಿಕ್ಕಿದ್ದು ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಶುಗರ್ ಇರುವವರು ರಾತ್ರಿ ಪದೇ ಪದೇ ಏಳುವುದು ಇದಕ್ಕೇ.

ಆ ಉತ್ತರವನ್ನು ತಿದ್ದಿ ಬರೆದು ನಾಳೆ ಕ್ಲಾಸಿಗೆ ತನ್ನಿ.