ಹಿಡಿಯುವುದನ್ನು ಮೊದಲು ಕಲಿಸು

ಮಡಿಕೇರಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಒಂದನೇ ತರಗತಿಯ ಮಕ್ಕಳಿಗೆ ಚೆಂಡು ಎಸೆಯುವುದು, ಹಿಡಿಯುವುದು ಕಲಿಸಲು ನೀನು ಬರೆದ ಆರು ವಾರದ ಪಾಠದ ಪಟ್ಟಿ ಓದಿದೆ. ಮೊದಲ ದಿನವೇ ಟೆನಿಸ್ ಚೆಂಡು ಕೊಟ್ಟು, ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸುತ್ತೇನೆ ಎಂದಿದ್ದೀಯ. ಹಾಗೆ ಎದುರುಬದುರು ನಿಲ್ಲಿಸುವುದನ್ನು ನಾಲ್ಕನೇ ವಾರಕ್ಕೆ ಹಾಕು.

ಒಂದನೇ ತರಗತಿಯ ಮಗುವಿಗೆ ಎಸೆಯುವುದಕ್ಕಿಂತ ಹಿಡಿಯುವುದು ಕಷ್ಟ. ಯಾವಾಗ ಎಸೆಯಬೇಕು ಅನ್ನುವುದು ಅದರ ಕೈಯಲ್ಲೇ ಇದೆ. ಹಿಡಿಯುವಾಗ ಮಾತ್ರ ಚೆಂಡು ಬರುವ ಹೊತ್ತಿಗೆ ಕೈ ಸಿದ್ಧವಿರಬೇಕು. ಮೇಲಾಗಿ, ಎದುರಿನ ಮಗುವಿಗೂ ನೆಟ್ಟಗೆ ಎಸೆಯಲು ಬರುವುದಿಲ್ಲ, ಅಲ್ವಾ?

ನಾನು ಕೆಲಸಕ್ಕೆ ಸೇರಿದ ವರ್ಷ ಇದೇ ತಪ್ಪು ಮಾಡಿದೆ. ಒಬ್ಬ ಹುಡುಗನ ಮೂಗಿಗೆ ಚೆಂಡು ಬಿತ್ತು. ಆಮೇಲೆ ಚೆಂಡು ಬಂದಾಗಲೆಲ್ಲ ಅವನು ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿದ್ದ. ‘ಕಣ್ಣು ಬಿಡು’ ಎಂದು ಎಷ್ಟು ಹೇಳಿದರೂ ಆಗಲಿಲ್ಲ. ಕೊನೆಗೆ ಅವನನ್ನು ಜಗುಲಿಯ ಮೇಲೆ ಕಾಲು ಚಾಚಿ ಕೂರಿಸಿ, ಚೆಂಡನ್ನು ಉರುಳಿಸಿದೆ. ನೆಲದ ಮೇಲೆ ಬರುವ ಚೆಂಡು ಮುಖಕ್ಕೆ ಬಡಿಯುವುದಿಲ್ಲ, ಹಾಗಾಗಿ ಅವನು ನೋಡುತ್ತಾ ಕೂತ. ನಿನ್ನ ಮೊದಲ ವಾರ ಇಷ್ಟೇ ಇರಲಿ.

ಎರಡನೇ ವಾರ ಪ್ರತಿ ಮಗುವಿಗೂ ಅಂಗೈ ಅಗಲದ ಒಂದೊಂದು ಬಟ್ಟೆಚೀಲ ಬೇಕು. ಒಣಗಿದ ಭತ್ತವನ್ನು ಮುಕ್ಕಾಲು ಭಾಗ ಮಾತ್ರ ತುಂಬಿ ಹೊಲಿ. ಬಿಗಿಯಾಗಿ ತುಂಬಿದರೆ ಕೈಗೆ ತಾಗಿ ಹಾರುತ್ತದೆ, ಸಡಿಲವಿದ್ದರೆ ಕೈಯಲ್ಲೇ ಕೂರುತ್ತದೆ. ನಮ್ಮ ಇಳಿಜಾರು ಮೈದಾನದಲ್ಲಿ ಚೆಂಡು ಬಿದ್ದರೆ ಕಾಫಿ ತೋಟಕ್ಕೆ ಇಳಿಯುತ್ತದೆ, ಅರ್ಧ ಪೀರಿಯಡ್ ಹುಡುಕುವುದರಲ್ಲೇ ಹೋಗುತ್ತದೆ. ಚೀಲ ಬಿದ್ದಲ್ಲೇ ಇರುತ್ತದೆ. ಮಗು ತಾನೇ ಹಣೆಯ ಎತ್ತರಕ್ಕೆ ಎಸೆದು ಎರಡೂ ಕೈಯಲ್ಲಿ ಹಿಡಿಯಲಿ. ತಾನೇ ಎಸೆದದ್ದಕ್ಕೆ ಅದು ಹೆದರುವುದಿಲ್ಲ. ಮಳೆಗಾಲದಲ್ಲಿ ಚೀಲಗಳನ್ನು ಒಲೆಯ ಹತ್ತಿರ ಇಡು, ಇಲ್ಲದಿದ್ದರೆ ಭತ್ತ ಬೂಷ್ಟು ಹಿಡಿಯುತ್ತದೆ.

ಮೂರನೇ ವಾರ ದೊಡ್ಡ, ಮೆತ್ತನೆ ಚೆಂಡು. ನೆಲಕ್ಕೆ ಒಮ್ಮೆ ಪುಟಿಸಿ ಹಿಡಿಯಲಿ. ಮಗು ಎದೆಗೆ ಅವುಚಿಕೊಂಡರೆ ಬೈಯಬೇಡ, ಅದು ಕಲಿಕೆಯ ಒಂದು ಹಂತ. ಬೆರಳುಗಳಲ್ಲೇ ಹಿಡಿಯುವುದು ಆಮೇಲೆ ಬರುತ್ತದೆ.

ನಾಲ್ಕನೇ ವಾರ ಜೊತೆಯವರಿಗೆ ಎರಡು ಹೆಜ್ಜೆ ದೂರದಿಂದ, ಕೈ ಕೆಳಗಿನಿಂದ, ಅದೇ ಚೀಲ ಎಸೆಯಲಿ. ಕಣ್ಣು ಮುಚ್ಚುವ ಮಗು ಕಂಡರೆ ಸುಮ್ನೆ ಮುಂದೆ ಹೋಗಬೇಡ. ಆ ಮಗುವಿಗೆ ಒಂದು ವಾರ ಹಿಂದಿನ ಆಟವನ್ನೇ ಕೊಡು.

ಐದನೇ ವಾರ ಭುಜದ ಮೇಲಿಂದ ಎಸೆಯುವುದು. ಇಲ್ಲಿ ಗುರಿ ಇಡಬೇಡ. ಸಣ್ಣ ಗುರಿ ಇಟ್ಟರೆ ಮಗು ಮೈಯೆಲ್ಲ ಬಿಗಿಹಿಡಿದು ಮುಂಗೈಯಲ್ಲಷ್ಟೇ ತಳ್ಳುತ್ತದೆ. ‘ಗೋಡೆಗೆ ಜೋರಾಗಿ ಹೊಡಿ’ ಎಂದರೆ ಮೈ ತಿರುಗುತ್ತದೆ. ಬಲಗೈಯವರು ಎಡಗಾಲು ಮುಂದಿಡಲಿ, ಎಡಗೈಯವರು ಬಲಗಾಲು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದ ಬರೆದರೆ ಮಾತಿನಲ್ಲಿ ಹೇಳುವುದಕ್ಕಿಂತ ಬೇಗ ಹಿಡಿಸುತ್ತದೆ.

ಆರನೇ ವಾರ ಇವೆಲ್ಲ ಸೇರಿಸಿ ಆಡಿಸು, ಆದರೆ ತಪ್ಪಿದವರನ್ನು ಔಟ್ ಮಾಡಬೇಡ. ಔಟಾಗುವವರು ಯಾವಾಗಲೂ ಜಾಸ್ತಿ ಅಭ್ಯಾಸ ಬೇಕಾದ ಮಕ್ಕಳೇ.

ಚೀಲಕ್ಕೆ ನನ್ನ ಹಳೆ ಪಂಚೆಗಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನಾಲ್ಕನೇ ವಾರ ಎಷ್ಟು ಮಕ್ಕಳು ಇನ್ನೂ ಕಣ್ಣು ಮುಚ್ಚುತ್ತಾರೆ ಎಂದು ನನಗೆ ಬರೆ.

ನಿನ್ನ ದೊಡ್ಡಪ್ಪ